ಮಾಡ್ p ಪರೀಕ್ಷೆ ಕೈಕೊಟ್ಟಾಗ: ಬಹುಪದೋಕ್ತಿ ಒಡೆಯುತ್ತದೋ ಇಲ್ಲವೋ ಪತ್ತೆಹಚ್ಚುವ ಕೈಪಿಡಿ

## ದೂರು

ನಿಮ್ಮ ಮುಂದೆ ಈ ಬಹುಪದೋಕ್ತಿ ಇದೆ ಅಂದುಕೊಳ್ಳಿ: f(x) = x⁴ − 4x² + 1. ಭಾಗಲಬ್ಧ ಸಂಖ್ಯೆಗಳನ್ನೇ ಸಹಗುಣಕಗಳಾಗಿ ಇಟ್ಟುಕೊಂಡು ಇದನ್ನು ಎರಡು ಸಣ್ಣ ಬಹುಪದೋಕ್ತಿಗಳಾಗಿ ಒಡೆಯಲು ಬರುತ್ತದೆಯೇ ಎಂಬುದು ಪ್ರಶ್ನೆ. ಕಲಿತ ಉಪಾಯ ನೆನಪಿದೆ. ಒಂದು ಅವಿಭಾಜ್ಯ ಸಂಖ್ಯೆ p ಆರಿಸು, ಸಹಗುಣಕಗಳನ್ನೆಲ್ಲ p ಯಿಂದ ಭಾಗಿಸಿ ಶೇಷ ಇಟ್ಟುಕೋ, ಇದಕ್ಕೇ ಮಾಡ್ p ಎನ್ನುವುದು. ಆ ಶೇಷದ ಲೋಕದಲ್ಲಿ ಒಡೆಯದಿದ್ದರೆ ಮೂಲದಲ್ಲೂ ಒಡೆಯುವುದಿಲ್ಲ. ಸರಿ, ಶುರು ಮಾಡಿದಿರಿ. ಬಂದದ್ದು ಇದು:

```
p = 5     (x² + x + 1)(x² − x + 1)
p = 7     (x² + 3x − 1)(x² − 3x − 1)
p = 11    (x² − 7)(x² + 3)
p = 13    (x² − 6)(x² + 2)
p = 23    (x − 3)(x + 3)(x − 8)(x + 8)
```

ಪ್ರತಿ ಸಲವೂ ಒಡೆಯುತ್ತಿದೆ. 23ರಲ್ಲಂತೂ ನಾಲ್ಕು ಚೂರಾಗಿದೆ. ಇಂಥದ್ದನ್ನು ಮೊದಲ ಸಲ ನೋಡಿದಾಗ ನಾನು "ಇದು ಖಂಡಿತ ಒಡೆಯುವ ಬಹುಪದೋಕ್ತಿ" ಎಂದು ಬರೆದು ಪುಟ ತಿರುಗಿಸಿದ್ದೆ. ಅದು ತಪ್ಪು. ಈ f ಒಡೆಯುವುದಿಲ್ಲ. ಪರೀಕ್ಷೆಯಲ್ಲಿ ದೋಷವಿಲ್ಲ, ಲೆಕ್ಕದಲ್ಲೂ ಇಲ್ಲ. ಪರೀಕ್ಷೆ ಹೇಳಿದ್ದನ್ನು ನಾನು ಓದಿಕೊಂಡ ರೀತಿಯಲ್ಲಿ ದೋಷವಿತ್ತು.

## ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಿ

ಈ ವಿಧಾನ ಯಾಕೆ ನಡೆಯುತ್ತದೆ ಎಂಬುದನ್ನು ಒಂದು ಸಲ ಮನಸ್ಸಿಗೆ ತಂದುಕೊಂಡರೆ, ಎಲ್ಲಿ ಕೆಡುತ್ತದೆ ಎಂಬುದೂ ತಾನಾಗಿ ಕಾಣುತ್ತದೆ. ಪೂರ್ಣಾಂಕ ಸಹಗುಣಕಗಳ f ಭಾಗಲಬ್ಧಗಳ ಮೇಲೆ ಒಡೆದರೆ, ಅದನ್ನು ಪೂರ್ಣಾಂಕ ಸಹಗುಣಕಗಳಲ್ಲೇ f = gh ಎಂದು ಬರೆಯಬಹುದು. ಇದು ಗೌಸ್‌ನ ಲೆಮ್ಮಾ. ಈಗ ಎರಡೂ ಕಡೆ ಮಾಡ್ p ತೆಗೆದುಕೊಳ್ಳಿ. f ನ ಮೊದಲ ಸಹಗುಣಕವನ್ನು p ಭಾಗಿಸದಿದ್ದರೆ g, h ಗಳ ಮೊದಲ ಸಹಗುಣಕಗಳನ್ನೂ ಭಾಗಿಸುವುದಿಲ್ಲ. ಹಾಗಾಗಿ ಅವುಗಳ ಡಿಗ್ರಿ ಇಳಿಯುವುದಿಲ್ಲ, f ಮಾಡ್ p ಕೂಡ ಅದೇ ಡಿಗ್ರಿಗಳಲ್ಲಿ ಒಡೆಯುತ್ತದೆ. ಅಂದರೆ ಮಾಡ್ p ಯಲ್ಲಿ ಒಡೆಯದಿದ್ದರೆ ಮೂಲದಲ್ಲೂ ಒಡೆಯುವ ಹಾಗಿಲ್ಲ.

ಮೊದಲ ಸಹಗುಣಕದ ಆ ಷರತ್ತು ಸುಮ್ನೆ ಹಾಕಿದ್ದಲ್ಲ. 2x³ + 3x² + 3x + 1 ನೋಡಿ. ಮಾಡ್ 2 ಮಾಡಿದರೆ x² + x + 1 ಉಳಿಯುತ್ತದೆ. ಅದು ಮಾಡ್ 2 ರಲ್ಲಿ ಒಡೆಯುವುದಿಲ್ಲ. ಆದರೆ ಮೂಲ ಇರುವುದು (2x + 1)(x² + x + 1). ಇಲ್ಲಿ 2x + 1 ಎಂಬ ಅಪವರ್ತನ ಮಾಡ್ 2 ರಲ್ಲಿ ಬರೀ 1 ಆಗಿ ಕಣ್ಮರೆಯಾಯಿತು. ಶೇಷದ ಡಿಗ್ರಿ ಮೂಲದ ಡಿಗ್ರಿಗಿಂತ ಕಡಿಮೆ ಬಂದಿದ್ದರೆ ಆ p ಯನ್ನು ಬಿಟ್ಟುಬಿಡಿ. ಸಹಗುಣಕಗಳಲ್ಲಿ ಭಿನ್ನರಾಶಿಗಳಿದ್ದರೆ ಮೊದಲು ಛೇದಗಳನ್ನೆಲ್ಲ ಗುಣಿಸಿ ತೆಗೆದುಬಿಡಿ, ಆಮೇಲೆ p ಆರಿಸಿ. ಛೇದ ತೆಗೆದಾಗ ಮೊದಲ ಸಹಗುಣಕ ದೊಡ್ಡದಾಗುತ್ತದೆ, ಹೀಗಾಗಿ ಯಾವ p ನಿಷಿದ್ಧ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು: 0 ಯಿಂದ p − 1 ರವರೆಗೆ ಬೆಲೆ ಹಾಕಿ ನೋಡಿ, ಎಲ್ಲೂ ಸೊನ್ನೆ ಬರಲಿಲ್ಲ, ಆದ್ದರಿಂದ ಒಡೆಯುವುದಿಲ್ಲ ಎನ್ನುವುದು. ಡಿಗ್ರಿ 2 ಮತ್ತು 3 ಕ್ಕೆ ಈ ಮಾತು ಸರಿ, 4 ರಿಂದ ಮುಂದೆ ಅಲ್ಲ. x⁴ + x² + 1 ಕ್ಕೆ ಮಾಡ್ 2 ರಲ್ಲಿ ಮೂಲವೇ, ಅಂದರೆ ಸೊನ್ನೆ ಕೊಡುವ ಬೆಲೆಯೇ ಇಲ್ಲ, ಆದರೂ ಅದು (x² + x + 1)². ಮೂಲ ಹುಡುಕಿದರೆ ಡಿಗ್ರಿ 1 ರ ಅಪವರ್ತನಗಳಷ್ಟೇ ಸಿಗುತ್ತವೆ.

## ಒಡೆದ ಫಲಿತಾಂಶವನ್ನು ಎಸೆಯಬೇಡಿ

ಮಾಡ್ p ಯಲ್ಲಿ ಒಡೆದರೆ ಏನೂ ತೀರ್ಮಾನವಾಗಲಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಒಂದೇ p ಗೆ ಅದು ನಿಜ. ಆದರೆ ಒಡೆದ ಚೂರುಗಳ ಡಿಗ್ರಿಗಳಲ್ಲಿ ಸುಳಿವು ಇರುತ್ತದೆ. ಎರಡು ಅವಿಭಾಜ್ಯಗಳ ಸುಳಿವನ್ನು ಜೋಡಿಸಿದರೆ ಕೆಲಸ ಮುಗಿಯಬಹುದು.

x⁴ − 2x³ + 3x² + x + 2 ತೆಗೆದುಕೊಳ್ಳಿ. ಮಾಡ್ 2 ರಲ್ಲಿ ಇದು x(x³ + x + 1). ಒಂದು ಡಿಗ್ರಿ 1, ಇನ್ನೊಂದು ಡಿಗ್ರಿ 3. ಮಾಡ್ 3 ರಲ್ಲಿ ಇದು (x² + 1)(x² + x + 2), ಎರಡೂ ಡಿಗ್ರಿ 2. ಎರಡೂ ಕಡೆ ಒಡೆಯಿತು. ಹಾಗಾದರೆ ಮೂಲ f ಒಡೆದರೆ ಅದರ ಚೂರುಗಳ ಡಿಗ್ರಿ ಏನಿರಬೇಕು? ಮಾಡ್ 2 ಹೇಳುತ್ತದೆ: 1 ಮತ್ತು 3. ಮಾಡ್ 3 ಹೇಳುತ್ತದೆ: 2 ಮತ್ತು 2. ಈ ಎರಡಕ್ಕೂ ಒಟ್ಟಿಗೆ ಒಪ್ಪುವ ಡಿಗ್ರಿಯೇ ಇಲ್ಲ. ಆದ್ದರಿಂದ f ಒಡೆಯುವುದಿಲ್ಲ. ಎರಡು "ಸೋತ" ಪರೀಕ್ಷೆಗಳು ಸೇರಿ ಗೆದ್ದವು, ಅಲ್ವಾ?

ಹಾಗಾಗಿ ಪ್ರತಿ p ಗೂ ಬರೀ "ಒಡೆಯಿತು" ಎಂದು ಬರೆಯಬೇಡಿ, "1+3", "2+2" ಎಂದು ಬರೆಯಿರಿ. ನಮ್ಮ x⁴ − 4x² + 1 ರ ಪಟ್ಟಿ ಹಾಗೆ ಬರೆದರೆ 2+2, 2+2, 2+2, 2+2, 1+1+1+1 ಎಂದು ಬರುತ್ತದೆ. ಇದರಲ್ಲಿ "2+2" ಎಲ್ಲಕ್ಕೂ ಒಪ್ಪುತ್ತದೆ. ಎಷ್ಟು ಜೋಡಿಸಿದರೂ ಇಲ್ಲಿ ವಿರೋಧ ಸಿಗುವುದಿಲ್ಲ. ದೋಷ ಇನ್ನೂ ಹಾಗೇ ಇದೆ.

## ಇನ್ನೆಷ್ಟು ಅವಿಭಾಜ್ಯ ನೋಡಬೇಕು?

ಇಲ್ಲಿ ಬಹಳ ಜನ 29, 31, 37 ಎಂದು ಮುಂದುವರಿಯುತ್ತಾರೆ. ಅದಕ್ಕೆ ಮುಂಚೆ ಶೋಧಕವನ್ನು, ಅಂದರೆ ಮೂಲಗಳ ಜೋಡಿ ಜೋಡಿ ವ್ಯತ್ಯಾಸಗಳ ವರ್ಗಗಳ ಗುಣಲಬ್ಧವನ್ನು, ಲೆಕ್ಕ ಹಾಕಿ. ಈ ಕೈಪಿಡಿಯಲ್ಲಿ ಜಾಸ್ತಿ ಸಮಯ ಉಳಿಸುವ ಹೆಜ್ಜೆ ಇದೇ ಎಂಬುದು ನನ್ನ ಅಭಿಪ್ರಾಯ. x⁴ + bx² + c ಆಕಾರದ ಬಹುಪದೋಕ್ತಿಗೆ ಶೋಧಕ 16c(b² − 4c)². ನಮ್ಮದಕ್ಕೆ 16 × 12² = 2304. ಇದು 48 ರ ವರ್ಗ.

ಡಿಗ್ರಿ ಸಮಸಂಖ್ಯೆಯಾಗಿದ್ದು ಶೋಧಕ ಪೂರ್ಣ ವರ್ಗವಾಗಿದ್ದರೆ ಯಾವ p ಹಿಡಿದರೂ f ಮಾಡ್ p ಒಡೆಯದೆ ಉಳಿಯುವುದಿಲ್ಲ. ಕಾರಣ ಹೀಗೆ: p ಶೋಧಕವನ್ನು ಭಾಗಿಸದಿದ್ದಾಗ, ಮಾಡ್ p ಚೂರುಗಳ ಡಿಗ್ರಿಗಳು f ನ ಮೂಲಗಳ ಒಂದು ಅದಲುಬದಲಿಯ ಚಕ್ರಗಳ ಉದ್ದಕ್ಕೆ ಸಮ. ಮಾಡ್ p ಒಡೆಯದೆ ಉಳಿಯಬೇಕಾದರೆ ನಾಲ್ಕೂ ಮೂಲಗಳು ಒಂದೇ ಚಕ್ರದಲ್ಲಿ ಸುತ್ತಬೇಕು. ನಾಲ್ಕರ ಚಕ್ರ ಬೆಸ ಅದಲುಬದಲಿ. ಆದರೆ ಶೋಧಕ ಪೂರ್ಣ ವರ್ಗವಾಗಿದ್ದರೆ ಸಮ ಅದಲುಬದಲಿಗಳಿಗೆ ಮಾತ್ರ ಜಾಗ. ಇನ್ನು p ಶೋಧಕವನ್ನು ಭಾಗಿಸಿದರೆ ಮಾಡ್ p ಯಲ್ಲಿ ಒಂದು ಚೂರು ಎರಡು ಸಲ ಬರುತ್ತದೆ, ಅಲ್ಲಿ ಒಡೆಯುವುದು ಖಚಿತ.

ನಮ್ಮ f ಗೆ ಇದನ್ನು ಬರೀ ಕೈಯಲ್ಲೂ ತೋರಿಸಬಹುದು. ಮೂರು ರೀತಿ ಬರೆಯಿರಿ:

```
x⁴ − 4x² + 1 = (x² − 2)² − 3
             = (x² − 1)² − 2x²
             = (x² + 1)² − 6x²
```

ಮಾಡ್ p ಯಲ್ಲಿ 3 ಒಂದು ವರ್ಗವಾದರೆ ಮೊದಲ ಸಾಲು ಒಡೆಯುತ್ತದೆ, 2 ವರ್ಗವಾದರೆ ಎರಡನೇ ಸಾಲು, 6 ವರ್ಗವಾದರೆ ಮೂರನೆಯದು. 2 ಮತ್ತು 3 ಎರಡೂ ವರ್ಗವಲ್ಲದಿದ್ದರೆ ಅವುಗಳ ಗುಣಲಬ್ಧ 6 ವರ್ಗವಾಗಲೇಬೇಕು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಮೇಲಿನ ಪಟ್ಟಿಯನ್ನು ಮತ್ತೆ ನೋಡಿ: 5ರಲ್ಲಿ 6, 7ರಲ್ಲಿ 2, 11 ಮತ್ತು 13ರಲ್ಲಿ 3 ವರ್ಗವಾಗಿದೆ. 23ರಲ್ಲಿ 2 ಎಂದರೆ 5², 3 ಎಂದರೆ 7². ಮೂರೂ ವರ್ಗ, ಅದಕ್ಕೇ ನಾಲ್ಕು ಚೂರು.

ಶೋಧಕ ಪೂರ್ಣ ವರ್ಗವಲ್ಲ ಎಂದಾದರೆ ಚಿತ್ರ ಬೇರೆ. ಡಿಗ್ರಿ 4 ರ ಒಡೆಯದ ಬಹುಪದೋಕ್ತಿಗೆ ಆಗ ಕಡಿಮೆಯೆಂದರೂ ಕಾಲು ಭಾಗ ಅವಿಭಾಜ್ಯಗಳು ಒಡೆಯದ ಫಲಿತಾಂಶ ಕೊಡುತ್ತವೆ. ಸತತ ಇಪ್ಪತ್ತು ಅವಿಭಾಜ್ಯ ಕೈಕೊಡುವ ಸಂಭವ (3/4)²⁰, ಸುಮಾರು ಮುನ್ನೂರರಲ್ಲಿ ಒಂದು. ಅಷ್ಟಾದ ಮೇಲೂ ಸಿಗದಿದ್ದರೆ f ನಿಜಕ್ಕೂ ಒಡೆಯುತ್ತದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಆಗ ಅಪವರ್ತನ ಹುಡುಕಲು ಹೊರಡಿ. ಡಿಗ್ರಿ 5, 7 ರಂಥ ಅವಿಭಾಜ್ಯ ಸಂಖ್ಯೆಯಾಗಿದ್ದರೆ ಈ ಕೈಪಿಡಿಯ ದೋಷ ಬರುವುದೇ ಇಲ್ಲ. ಒಡೆಯದ f ಗೆ ಒಡೆಯದ ಶೇಷ ಕೊಡುವ p ಇದ್ದೇ ಇರುತ್ತದೆ, ಅದೂ ಲೆಕ್ಕವಿಲ್ಲದಷ್ಟು. ತಾಳ್ಮೆ ಇದ್ದರೆ ಸಾಕು.

ಕಂಪ್ಯೂಟರ್ ಕೈಗೆಟುಕಿದರೆ ಪಾರಿ/ಜಿಪಿ ಎಂಬ ಗಣಿತ ತಂತ್ರಾಂಶದಲ್ಲಿ ಇಷ್ಟು ಸಾಕು. ಮೂರನೇ ಸಾಲು ಚೂರುಗಳ ಡಿಗ್ರಿ ಮತ್ತು ಅವು ಎಷ್ಟು ಸಲ ಬರುತ್ತವೆ ಎಂಬುದನ್ನು ಮಾತ್ರ ಕೊಡುತ್ತದೆ:

```
f = x^4 - 4*x^2 + 1;
issquare(poldisc(f))
forprime(p = 5, 50, print(p, "  ", factormod(f, p, 1)))
factor(poldisc(f))
```

## x ಅನ್ನು ಸರಿಸುವುದು: ಎಷ್ಟು, ಯಾವ p ಗೆ?

ಶೋಧಕ ಪೂರ್ಣ ವರ್ಗ ಎಂದು ಗೊತ್ತಾದ ಮೇಲೆ ಬೇರೆ ಉಪಕರಣ ಬೇಕು. ಅದು ಐಸೆನ್‌ಸ್ಟೈನ್ ನಿಯಮ. ಐಸೆನ್‌ಸ್ಟೈನ್ ಇದನ್ನು ಪ್ರಕಟಿಸಿದ್ದು 1850ರಲ್ಲಿ. ಅದಕ್ಕೂ ಮುಂಚೆ, 1846ರಲ್ಲೇ, ಷೋನೆಮಾನ್ ಇದನ್ನು ಕೊಟ್ಟಿದ್ದರು. ನಿಯಮ ಹೀಗಿದೆ: p ಮೊದಲ ಸಹಗುಣಕವನ್ನು ಭಾಗಿಸಬಾರದು, ಉಳಿದ ಎಲ್ಲವನ್ನೂ ಭಾಗಿಸಬೇಕು, ಕೊನೆಯ ಸ್ಥಿರ ಪದವನ್ನು p² ಭಾಗಿಸಬಾರದು. ಹಾಗಿದ್ದರೆ ಬಹುಪದೋಕ್ತಿ ಒಡೆಯುವುದಿಲ್ಲ. ಒಡೆಯಿತು ಎಂದುಕೊಂಡರೆ ಮಾಡ್ p ಯಲ್ಲಿ ಎರಡು ಚೂರುಗಳೂ ಬರೀ x ನ ಘಾತಗಳಾಗುತ್ತವೆ. ಎರಡರ ಸ್ಥಿರ ಪದವೂ p ಯ ಗುಣಕ, ಗುಣಲಬ್ಧ p² ನ ಗುಣಕ. ಅದು ಷರತ್ತಿಗೆ ವಿರುದ್ಧ.

x⁴ − 4x² + 1 ರ ಸ್ಥಿರ ಪದ 1. ಯಾವ p ಯೂ ಅದನ್ನು ಭಾಗಿಸುವುದಿಲ್ಲ, ನಿಯಮ ನೇರವಾಗಿ ಕೂರುವುದಿಲ್ಲ. ಆಗ x ಬದಲು x + a ಹಾಕುತ್ತೇವೆ. f(x + a) ಒಡೆದರೆ f(x) ಒಡೆಯುತ್ತದೆ, ಇದು ಒಡೆದರೆ ಅದೂ ಒಡೆಯುತ್ತದೆ. x − a ಹಾಕಿ ವಾಪಸು ಬರಬಹುದಲ್ಲ, ಅದಕ್ಕೆ.

ಒಂದು ವ್ಯರ್ಥ ಶ್ರಮದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. x ಸರಿಸಿ, ಮತ್ತೆ ಮಾಡ್ 5, ಮಾಡ್ 7 ಎಂದು ಒಡೆದು ನೋಡುವವರಿದ್ದಾರೆ. ಅದು ದಂಡ. ಸರಿಸಿದರೆ ಮಾಡ್ p ಚೂರುಗಳೂ ಜೊತೆಗೆ ಸರಿಯುತ್ತವೆ, ಡಿಗ್ರಿಗಳು ಬದಲಾಗುವುದಿಲ್ಲ. 2+2 ಇದ್ದದ್ದು 2+2 ಆಗಿಯೇ ಇರುತ್ತದೆ. ಸರಿಸುವುದು ಐಸೆನ್‌ಸ್ಟೈನ್ ನಿಯಮಕ್ಕೆ ಮಾತ್ರ ಉಪಯೋಗ.

ಈಗ ಮುಖ್ಯ ಪ್ರಶ್ನೆ. a ಎಷ್ಟು? x + 1, x − 1, x + 2 ಎಂದು ಅದೃಷ್ಟ ನೋಡುತ್ತಾ ಹೋಗಬೇಕಾಗಿಲ್ಲ. f(x + a) ಗೆ p ಯಲ್ಲಿ ನಿಯಮ ಕೂತರೆ, ಮಾಡ್ p ಯಲ್ಲಿ ಅದು c·xⁿ ಆಗಿರುತ್ತದೆ. ಹಿಂದಕ್ಕೆ ಸರಿಸಿದರೆ f(x) ಎಂದರೆ c(x − a)ⁿ. ಅಂದರೆ ಮಾಡ್ p ಯಲ್ಲಿ f ಗೆ ಒಂದೇ ಒಂದು ಮೂಲ ಇರಬೇಕು, ಅದೇ n ಸಲ ಬರಬೇಕು. ಆ ಮೂಲವೇ a. ಇದರಿಂದ ಎರಡು ಅನುಕೂಲ.

ಒಂದು, p ಗಳ ಪಟ್ಟಿ ಚಿಕ್ಕದಾಗುತ್ತದೆ. ಹಾಗೆ n ಸಲ ಮೂಲ ಬರಬೇಕಾದರೆ ಶೋಧಕವನ್ನು pⁿ⁻¹ ಭಾಗಿಸಲೇಬೇಕು. ನಮ್ಮ ಶೋಧಕ 2304 = 2⁸ × 3². ಡಿಗ್ರಿ 4, ಹಾಗಾಗಿ p³ ಬೇಕು. 3² ಇದೆ, 3³ ಇಲ್ಲ. 3 ಹೊರಗೆ. ಉಳಿದದ್ದು 2 ಮಾತ್ರ.

ಎರಡು, ಪ್ರತಿ p ಗೂ ಒಂದೇ ಪ್ರಯತ್ನ ಸಾಕು. a ಬದಲು a + p, a + 2p ಹಾಕಿ ನೋಡಿದರೂ ಉತ್ತರ ಬದಲಾಗುವುದಿಲ್ಲ. ಯಾಕೆಂದರೆ f(a + pk) ಮತ್ತು f(a) ನಡುವಿನ ವ್ಯತ್ಯಾಸ p² ನ ಲೆಕ್ಕದಲ್ಲಿ pk·f′(a) ಅಷ್ಟೇ. a ಪದೇಪದೇ ಬರುವ ಮೂಲವಾದ್ದರಿಂದ f′(a) ಕೂಡ p ಯ ಗುಣಕ. ವ್ಯತ್ಯಾಸ p² ನ ಗುಣಕವಾಯಿತು. ಆದ್ದರಿಂದ f(a) ಯನ್ನು ಒಮ್ಮೆ ಲೆಕ್ಕ ಹಾಕಿ, p² ಭಾಗಿಸುತ್ತದೆಯೇ ನೋಡಿ, ಮುಗಿಯಿತು.

ನಮ್ಮ f ಮಾಡ್ 2 ರಲ್ಲಿ x⁴ + 1, ಅಂದರೆ (x + 1)⁴. ಮೂಲ a = 1. f(1) = 1 − 4 + 1 = −2. 4 ಭಾಗಿಸುವುದಿಲ್ಲ. ಪೂರ್ತಿ ಬಿಡಿಸಿ ಬರೆದರೆ:

```
f(x + 1) = x⁴ + 4x³ + 2x² − 4x − 2
```

4, 2, −4, −2 ಎಲ್ಲವೂ ಸಮ, −2 ನ್ನು 4 ಭಾಗಿಸುವುದಿಲ್ಲ. ಐಸೆನ್‌ಸ್ಟೈನ್ ಕೂತಿತು. x⁴ − 4x² + 1 ಒಡೆಯುವುದಿಲ್ಲ. ಎಲ್ಲ ಅವಿಭಾಜ್ಯಗಳೂ ಒಡೆದು ತೋರಿಸಿದ್ದ ಬಹುಪದೋಕ್ತಿ ಒಂದು ಹೆಜ್ಜೆ ಸರಿಸಿದ ಕೂಡಲೇ ತಾನು ಒಡೆಯುವುದಿಲ್ಲ ಎಂದು ಒಪ್ಪಿಕೊಂಡಿತು.

ಇಲ್ಲಿ a ಸುಲಭವಾಗಿ ಸಿಕ್ಕಿತು. ಸ್ವಲ್ಪ ಮರೆಯಲ್ಲಿರುವ ಉದಾಹರಣೆ ಒಂದು: x⁴ − 8x³ + 24x² − 27x + 11. ಶೋಧಕ 15125 = 5³ × 11². p³ ಬೇಕೆಂಬ ಷರತ್ತಿಗೆ 11 ಸಿಗುವುದಿಲ್ಲ, 5 ಮಾತ್ರ. ಮಾಡ್ 5 ರಲ್ಲಿ ಇದು (x − a)⁴ ಆಗಿದ್ದರೆ x³ ನ ಸಹಗುಣಕ −4a ಆಗಬೇಕು. −8 ಮತ್ತು −4a ಸಮ, ಆದ್ದರಿಂದ a = 2. (p ಡಿಗ್ರಿಯನ್ನು ಭಾಗಿಸದಿದ್ದರೆ ಎಲ್ಲ ಕಡೆ ಹೀಗೇ ಎರಡನೇ ಸಹಗುಣಕದಿಂದ a ಸಿಗುತ್ತದೆ.) f(2) = 16 − 64 + 96 − 54 + 11 = 5. 25 ಭಾಗಿಸುವುದಿಲ್ಲ. ಬಿಡಿಸಿದರೆ f(x + 2) = x⁴ + 5x + 5. ಬಿಡಿಸಿ ನೋಡುವುದನ್ನು ಮಾತ್ರ ಬಿಡಬೇಡಿ. f(a) ಒಂದೇ ಸರಿ ಬಂದರೆ ಸಾಲದು, ಮಧ್ಯದ ಸಹಗುಣಕಗಳನ್ನೂ p ಭಾಗಿಸಬೇಕು.

## f(a) ಯನ್ನು p² ಭಾಗಿಸಿಬಿಟ್ಟರೆ

ಈಗ ಹತ್ತಿರದ ನೆಂಟ: x⁴ − 10x² + 1. ಇದರ ಒಂದು ಮೂಲ √2 + √3. ಮೇಲಿನ f ನ ಮೂಲಗಳೂ √2, √3 ಗಳಿಂದಲೇ ಕಟ್ಟಿದವು. ಶೋಧಕ 16 × 96² = 147456 = 2¹⁴ × 3², 384 ರ ವರ್ಗ. ಮಾಡ್ p ಪರೀಕ್ಷೆ ಮೊದಲೇ ಹೋಯಿತು. ಸರಿಸಲು ಅರ್ಹ p ಮತ್ತೆ 2 ಮಾತ್ರ, a = 1. f(1) = −8. ಇದನ್ನು 4 ಭಾಗಿಸುತ್ತದೆ. ನಿಯಮ ಕೂರಲಿಲ್ಲ. 3, 5, −1 ಹಾಕಿ ನೋಡುವ ಆಸೆ ಬರುತ್ತದೆ, ಆದರೆ ಪ್ರಯೋಜನವಿಲ್ಲ ಎಂದು ಆಗಲೇ ನೋಡಿದೆವು. ಯಾವ ಬೆಸ ಸಂಖ್ಯೆ ಹಾಕಿದರೂ 8 ರ ಗುಣಕವೇ ಬರುತ್ತದೆ.

ಪಕ್ಕದಲ್ಲಿ x⁴ + 4 ಇಟ್ಟುಕೊಳ್ಳಿ. ಶೋಧಕ 2¹⁴, 128 ರ ವರ್ಗ. ಅರ್ಹ p ಬರೀ 2. a = 0, f(0) = 4, ನಿಯಮ ಕೂರಲಿಲ್ಲ. ಲಕ್ಷಣಗಳು ಒಂದೇ. ಆದರೆ x⁴ + 4 ಒಡೆಯುತ್ತದೆ: (x² + 2x + 2)(x² − 2x + 2). ಮೊದಲಿನದ್ದು ಒಡೆಯುವುದಿಲ್ಲ. ಈ ಹಂತದಲ್ಲಿ ಊಹೆ ಮಾಡಬಾರದು ಎಂದು ಹೇಳುವುದು ಇದಕ್ಕೇ.

ಇವೆರಡನ್ನು ಬೇರೆ ಮಾಡುವ ವಿಧಾನ ದ್ಯುಮಾ 1906ರಲ್ಲಿ ಕೊಟ್ಟದ್ದು. ಐಸೆನ್‌ಸ್ಟೈನ್ "ಭಾಗಿಸುತ್ತದೋ ಇಲ್ಲವೋ" ಎಂದಷ್ಟೇ ಕೇಳುತ್ತದೆ. ಇಲ್ಲಿ ಎಷ್ಟು ಸಲ ಭಾಗಿಸುತ್ತದೆ ಎಂದು ಎಣಿಸಬೇಕು. ಸರಿಸಿದ ಬಹುಪದೋಕ್ತಿ ಬರೆಯಿರಿ:

```
x⁴ + 4x³ − 4x² − 16x − 8
```

ಪ್ರತಿ ಸಹಗುಣಕವನ್ನೂ 2 ಎಷ್ಟು ಸಲ ಭಾಗಿಸುತ್ತದೆ? ಸ್ಥಿರ ಪದದಿಂದ ಶುರು ಮಾಡಿದರೆ 3, 4, 2, 2, 0. ಇವನ್ನು ಗ್ರಾಫ್ ಹಾಳೆಯಲ್ಲಿ (0,3), (1,4), (2,2), (3,2), (4,0) ಎಂಬ ಚುಕ್ಕಿಗಳಾಗಿ ಇಡಿ. ಮೊದಲ ಚುಕ್ಕಿಯಿಂದ ಕೊನೆಯ ಚುಕ್ಕಿಗೆ ಗೆರೆ ಎಳೆಯಿರಿ. ಗೆರೆಯ ಎತ್ತರ 1, 2, 3 ರ ಬಳಿ 2.25, 1.5, 0.75. ಚುಕ್ಕಿಗಳೆಲ್ಲ ಗೆರೆಗಿಂತ ಮೇಲೇ ಇವೆ. ಬಹುಪದೋಕ್ತಿ ಒಡೆದರೆ ಈ ಗೆರೆಯೂ ಒಡೆಯಬೇಕು, ಅದೂ ಅಡ್ಡ ಲೆಕ್ಕ, ಉದ್ದ ಲೆಕ್ಕ ಎರಡೂ ಪೂರ್ಣಾಂಕವಾಗಿರುವ ಜಾಗದಲ್ಲಿ ಮಾತ್ರ. 3 ಮತ್ತು 4 ಕ್ಕೆ ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಈ ಗೆರೆ ಮಧ್ಯದಲ್ಲಿ ಅಂಥ ಜಾಗವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ x⁴ − 10x² + 1 ಒಡೆಯುವುದಿಲ್ಲ.

x⁴ + 4 ಕ್ಕೆ ಗೆರೆ (0,2) ರಿಂದ (4,0) ಗೆ. ಅದು ಸರಿಯಾಗಿ (2,1) ನ್ನು ಹಾದುಹೋಗುತ್ತದೆ. ಅಲ್ಲಿ 2+2 ಆಗಿ ಒಡೆಯಲು ಅವಕಾಶವಿದೆ. ನಿಜಕ್ಕೂ ಅಲ್ಲೇ ಒಡೆಯಿತು. ಆದರೆ ಅವಕಾಶ ಇದ್ದ ಮಾತ್ರಕ್ಕೆ ಒಡೆಯಬೇಕೆಂದಿಲ್ಲ. ಗೆರೆ ಮಧ್ಯೆ ಇಂಥ ಜಾಗ ಸಿಕ್ಕಿದರೆ ಈ ವಿಧಾನವೂ ಸುಮ್ಮನಾಗುತ್ತದೆ.

ಐಸೆನ್‌ಸ್ಟೈನ್ ನಿಯಮ ಎಂದರೆ (0,1) ರಿಂದ (n,0) ಗೆ ಎಳೆದ ಗೆರೆ, ಇದರದ್ದೇ ಒಂದು ಸರಳ ರೂಪ. 1 ಮತ್ತು n ಗೆ ಸಾಮಾನ್ಯ ಅಪವರ್ತನ ಯಾವತ್ತೂ ಇರುವುದಿಲ್ಲ.

## ಯಾವ ಅವಿಭಾಜ್ಯವೂ ಸಹಾಯಕ್ಕೆ ಬಾರದಿದ್ದಾಗ

ಇಂಥದ್ದೂ ಇದೆ: x⁴ − 15x² + 1. ಶೋಧಕ 16 × 221² = 2⁴ × 13² × 17². ಪೂರ್ಣ ವರ್ಗ, ಮಾಡ್ p ಪರೀಕ್ಷೆ ಹೋಯಿತು. p³ ಷರತ್ತು ದಾಟುವುದು 2 ಮಾತ್ರ. ಮಾಡ್ 2 ರಲ್ಲಿ ಇದು (x² + x + 1)². ಒಂದೇ ಮೂಲ ನಾಲ್ಕು ಸಲ ಬರುವ ಆಕಾರವಲ್ಲ. ಹಾಗಾಗಿ ಸರಿಸಿ ಗೆಲ್ಲುವ a ಇಲ್ಲವೇ ಇಲ್ಲ. ಹುಡುಕಿದರೂ ಸಿಗುವುದಿಲ್ಲ ಎಂದು ಖಚಿತವಾಗಿ ಹೇಳಬಹುದು.

ಮಾಡ್ p ಬದಲು ಮಾಡ್ p², ಮಾಡ್ p³ ನೋಡಿದರೆ? ಅದೂ ಪ್ರಯೋಜನವಿಲ್ಲ. ಇಲ್ಲಿ 13 ಮತ್ತು 17 ರ ಜೋಡಿ ವಿಶೇಷವಾಗಿದೆ. ಮಾಡ್ 17 ರಲ್ಲಿ 13 ಎಂದರೆ 8². ಮಾಡ್ 13 ರಲ್ಲಿ 17 ಎಂದರೆ 2². 17 ನ್ನು 8 ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 2 ರ ಯಾವ ಘಾತದ ಲೆಕ್ಕದಲ್ಲೂ 17 ವರ್ಗವೇ. f ನ್ನು (x² − 1)² − 13x² ಎಂದೂ (x² + 1)² − 17x² ಎಂದೂ ಬರೆಯಬಹುದು. ಆದ್ದರಿಂದ 2, 13, 17 ರ ಎಲ್ಲ ಘಾತಗಳಲ್ಲೂ ಅದು ಒಡೆಯುತ್ತದೆ. ಉಳಿದ p ಗಳಲ್ಲಿ 13, 17, 221 ಈ ಮೂರರಲ್ಲಿ ಒಂದಾದರೂ ವರ್ಗವಾಗುತ್ತದೆ, ಮೊದಲಿನ ವಾದವೇ. ಒಂದೊಂದೇ ಅವಿಭಾಜ್ಯದ ಕಣ್ಣಿನಿಂದ ನೋಡುವ ಯಾವ ವಿಧಾನಕ್ಕೂ ಈ f ಒಡೆಯುವ ಬಹುಪದೋಕ್ತಿಯ ಹಾಗೇ ಕಾಣುತ್ತದೆ.

ಇಲ್ಲಿ ಹಳೆಯ ಕೈಲೆಕ್ಕಕ್ಕೆ ಮರಳಬೇಕು. ಡಿಗ್ರಿ 4 ಕ್ಕೆ ಅದು ಅರ್ಧ ಪುಟದ ಕೆಲಸ. ಮೊದಲು ಡಿಗ್ರಿ 1 ರ ಅಪವರ್ತನ: ಭಾಗಲಬ್ಧ ಮೂಲ ಇದ್ದರೆ ಅದು 1 ಅಥವಾ −1 ಆಗಬೇಕು, ಎರಡರಲ್ಲೂ ಬೆಲೆ −13. ಇಲ್ಲ. ಇನ್ನು 2+2. x³ ಪದ ಇಲ್ಲದ್ದರಿಂದ ಹೀಗೆ ಬರೆಯಿರಿ:

```
(x² + ax + b)(x² − ax + d)
bd = 1,   a(d − b) = 0,   b + d − a² = −15
```

ಗೌಸ್‌ನ ಲೆಮ್ಮಾ ಪ್ರಕಾರ a, b, d ಪೂರ್ಣಾಂಕಗಳು. bd = 1 ಆಗಬೇಕಾದರೆ b, d ಎರಡೂ 1, ಇಲ್ಲವೇ ಎರಡೂ −1. a = 0 ಆದರೆ b + d = −15 ಬೇಕು, ಆದರೆ ಸಿಗುವ ಮೊತ್ತ 2 ಅಥವಾ −2. ಆಗದು. a ಸೊನ್ನೆಯಲ್ಲದಿದ್ದರೆ, b = d = 1 ಕ್ಕೆ a² = 17, b = d = −1 ಕ್ಕೆ a² = 13. ಎರಡಕ್ಕೂ ಪೂರ್ಣಾಂಕ a ಇಲ್ಲ. x⁴ − 15x² + 1 ಒಡೆಯುವುದಿಲ್ಲ. ಯಾವ 17, 13 ಗಳು ಅವಿಭಾಜ್ಯಗಳ ಲೋಕದಲ್ಲಿ ವರ್ಗದ ವೇಷ ಹಾಕಿ ನಮ್ಮನ್ನು ಆಟವಾಡಿಸಿದ್ದವೋ, ಪೂರ್ಣಾಂಕಗಳ ಮುಂದೆ ಬಂದಾಗ ಅವೇ ಸಿಕ್ಕಿಬಿದ್ದವು.